ಹೆಸರು ಮುಚ್ಚಿದರೂ ಗುರುತು ಸಿಗಬೇಕು

ಮದುವೆ ಗೊತ್ತಾದ ಮನೆಯಲ್ಲಿ ಪುರೋಹಿತರು, ಅಡುಗೆಯವರು, ಚಪ್ಪರದವರು ನಿಗದಿಯಾಗುತ್ತಿದ್ದಂತೆ ಫೋಟೋದವರ ಮಾತು ಬರುತ್ತದೆ. ಶಿವಮೊಗ್ಗ ಜಿಲ್ಲೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮಗಳು ಮೊಬೈಲಿನಲ್ಲಿ ಒಂದರ ಹಿಂದೊಂದು ಸ್ಟುಡಿಯೊದ ಪುಟ ತೆಗೆದು ತೋರಿಸುತ್ತಿದ್ದಾಳೆ. ಜೋಗದ ಮುಂದೆ ಕೈ ಚಾಚಿ ನಿಂತ ಜೋಡಿ, ಬಣ್ಣದ ಹೊಗೆಯ ನಡುವೆ ಓಡಿ ಬರುವ ಜೋಡಿ, ಕಲ್ಯಾಣ ಮಂಟಪದ ಮೇಲಿಂದ ಡ್ರೋನ್ ತೆಗೆದ ಚಿತ್ರ. ನಾಲ್ಕನೆಯ ಪುಟಕ್ಕೆ ಬರುವಾಗ ಅಮ್ಮ ಕೇಳುತ್ತಾರೆ: "ಇದು ಆಗ್ಲೇ ನೋಡಿದ್ದಲ್ವೇನೇ?" "ಇಲ್ಲಮ್ಮ, ಇವ್ರು ಬೇರೆ." ಪಕ್ಕದಲ್ಲಿ ಕೂತ ಅಪ್ಪ ತೀರ್ಪು ಕೊಟ್ಟುಬಿಡುತ್ತಾರೆ: "ಎಲ್ಲಾ ಒಂದೇ ಥರ ಇದ್ಮೇಲೆ ಕಡಿಮೆಗೆ ಯಾರು ಮಾಡ್ತಾರೋ ಅವ್ರಿಗೇ ಹೇಳು."

ಅಪ್ಪನ ಮಾತಿನಲ್ಲಿ ತಪ್ಪಿಲ್ಲ. ವ್ಯತ್ಯಾಸ ಕಾಣದ ಎರಡು ವಸ್ತುಗಳಲ್ಲಿ ಅಗ್ಗದ್ದನ್ನು ಆರಿಸುವುದು ಲೋಕರೂಢಿ. ಜಿಲ್ಲಾ ಕೇಂದ್ರದ ಸ್ಟುಡಿಯೊದವರು "ಮಾರ್ಕೆಟ್ ಕೆಟ್ಟುಹೋಗಿದೆ, ಎಲ್ಲರೂ ರೇಟ್ ಇಳಿಸುತ್ತಿದ್ದಾರೆ" ಎಂದು ಕೊರಗುವಾಗ ಅದರ ಬೇರು ಹೆಚ್ಚಾಗಿ ಇಲ್ಲೇ ಇರುತ್ತದೆ. ಕೆಲಸ ಚೆನ್ನಾಗಿಯೇ ಇದೆ, ಆದರೆ ಅದು ಇವರದೇ ಕೆಲಸ ಎಂದು ನೋಡುವವರಿಗೆ ತಿಳಿಯುವುದಿಲ್ಲ. ಹಾಗೆ ತಿಳಿಯುವಂತೆ ಮಾಡುವುದನ್ನೇ ವ್ಯಾಪಾರದ ಭಾಷೆಯಲ್ಲಿ ಬ್ರ್ಯಾಂಡ್ ಐಡೆಂಟಿಟಿ ಎನ್ನುತ್ತಾರೆ. ಹೆಚ್ಚಿನವರು ಅದನ್ನು ಲೋಗೊ ಎಂದುಕೊಂಡು, ಡಿಸೈನರ್ ಹತ್ತಿರ ಕ್ಯಾಮೆರಾ ಮತ್ತು ಹೃದಯ ಸೇರಿಸಿದ ಒಂದು ಚಿತ್ರ ಮಾಡಿಸಿ ಮುಗಿಸುತ್ತಾರೆ. ಲೋಗೊ ಆ ಕೆಲಸದ ಕೊನೆಯ ಭಾಗ. ಮೊದಲ ಭಾಗ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಶಿವಮೊಗ್ಗದ ಒಂದು ಕಲ್ಪಿತ ಸ್ಟುಡಿಯೊವನ್ನೇ ಮುಂದಿಟ್ಟುಕೊಂಡು ನೋಡೋಣ. ಗಂಡ ಹೆಂಡತಿ ಇಬ್ಬರೇ ನಡೆಸುವ ಸಣ್ಣ ಸ್ಟುಡಿಯೊ ಅದು. ಇಬ್ಬರಿಗೂ ಕ್ಯಾಮೆರಾ ಹಿಡಿಯಲು ಬರುತ್ತದೆ, ಎಡಿಟಿಂಗ್ ಹೆಂಡತಿಯದು.

ಆಷಾಢದ ಲೆಕ್ಕಾಚಾರ

ಈ ಕೆಲಸಕ್ಕೆ ಆಷಾಢ ಒಳ್ಳೆಯ ಕಾಲ. ಮುಹೂರ್ತಗಳಿಲ್ಲ, ಹೊರಗೆ ಮಳೆ, ಕೈಯಲ್ಲಿ ಸಮಯ. ಮೊದಲು ಮಾಡಬೇಕಾದದ್ದು ಒಂದು ಸರಳ ಪರೀಕ್ಷೆ. ಊರಿನ ಮತ್ತು ಸುತ್ತಲಿನ ಇಪ್ಪತ್ತು ಸ್ಟುಡಿಯೊಗಳ ಪುಟದಿಂದ ತಲಾ ಒಂಬತ್ತು ಇತ್ತೀಚಿನ ಚಿತ್ರಗಳನ್ನು ತೆಗೆದುಕೊಂಡು, ಹೆಸರು ಮತ್ತು ವಾಟರ್‌ಮಾರ್ಕ್ ಮುಚ್ಚಿ, ಒಂದೊಂದು ಹಾಳೆಯಲ್ಲಿ ಅಂಟಿಸಿ. ಅದರಲ್ಲಿ ನಿಮ್ಮ ಹಾಳೆಯೂ ಒಂದಿರಲಿ. ಈ ವೃತ್ತಿಯಲ್ಲಿ ಇಲ್ಲದ ಐದಾರು ಮಂದಿಗೆ, ಸಾಧ್ಯವಾದರೆ ನಿಮ್ಮ ಹಳೆಯ ಗಿರಾಕಿಗಳಿಗೆ, ಅವನ್ನು ತೋರಿಸಿ "ಇದರಲ್ಲಿ ನಮ್ಮದು ಯಾವುದು?" ಎಂದು ಕೇಳಿ. ಅವರು ತಡಕಾಡಿದರೆ ನಿಮ್ಮ ಗುರುತು ಇನ್ನೂ ಹುಟ್ಟಿಲ್ಲ.

ಅದೇ ಹಾಳೆಗಳನ್ನು ಮತ್ತೊಮ್ಮೆ ನೋಡಿ, ಎಲ್ಲರೂ ಏನು ತೋರಿಸುತ್ತಿದ್ದಾರೆ ಎಂದು ಪಟ್ಟಿ ಮಾಡಿ. ನಮ್ಮ ಕಲ್ಪಿತ ದಂಪತಿಯ ಪಟ್ಟಿಯಲ್ಲಿ ಬರುವುದು ಜೋಡಿಯ ಪೋಸು, ಮಂಟಪದ ದೀಪಾಲಂಕಾರ, ಆರತಕ್ಷತೆಯ ವೇದಿಕೆ, ಪ್ರೀ-ವೆಡ್ಡಿಂಗ್ ಶೂಟ್. ಹೆಚ್ಚು ಉಪಯುಕ್ತವಾದದ್ದು ಎರಡನೆಯ ಪಟ್ಟಿ, ಅಂದರೆ ಯಾರೂ ತೋರಿಸದೇ ಇರುವುದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈಗಲೂ ಮನೆಯಂಗಳದಲ್ಲಿ ಮದುವೆ ಮಾಡುವ ಕುಟುಂಬಗಳಿವೆ. ಅಡಿಕೆ ಸೋಗೆಯ ಚಪ್ಪರ, ಹಿತ್ತಿಲ ಒಲೆಯ ಮೇಲಿನ ಕೊಪ್ಪರಿಗೆ, ಹಿಂದಿನ ರಾತ್ರಿ ಹೂ ಕಟ್ಟುತ್ತ ಕೂತ ಹೆಂಗಸರು, ಗೋಡೆಗೊರಗಿ ಕೂತ ಅಜ್ಜ, ಹೆಣ್ಣು ಒಪ್ಪಿಸುವಾಗ ಮುಖ ತಿರುಗಿಸಿ ನಿಂತ ಅಣ್ಣ. ಇವೆಲ್ಲ ಆ ಇಪ್ಪತ್ತು ಹಾಳೆಗಳಲ್ಲಿ ಎಲ್ಲೋ ಒಂದೆರಡು ಕಡೆ ಇಣುಕಬಹುದು. ಇದೇ ತನ್ನ ಕೆಲಸ ಎಂದು ಹೇಳಿಕೊಂಡವರು ಮಾತ್ರ ಯಾರೂ ಇಲ್ಲ.

ಖಾಲಿ ಜಾಗ ಸಿಕ್ಕಿತೆಂದು ಕೂಡಲೇ ಹೋಗಿ ಕೂರುವಂತಿಲ್ಲ. ಅದು ನಿಮ್ಮ ಕೈಗೆ ಒಗ್ಗುವ ಕೆಲಸವೇ ಎಂದು ನೋಡಬೇಕು, ಅದಕ್ಕೆ ಸಾಕ್ಷಿ ನಿಮ್ಮ ಹಳೆಯ ಆಲ್ಬಂಗಳಲ್ಲೇ ಇರುತ್ತದೆ. ಕಳೆದ ಮೂರು ವರ್ಷಗಳಲ್ಲಿ ನೀವು ತೆಗೆದ ಮದುವೆಗಳಲ್ಲಿ ಯಾವ ಚಿತ್ರವನ್ನು ಮನೆಯವರು ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಿದರು, ಯಾವುದನ್ನು ಎರಡನೆಯ ಪ್ರತಿ ಕೇಳಿದರು, ಅಜ್ಜಿ ತೀರಿಕೊಂಡಾಗ ಯಾವ ಮದುವೆಯ ಚಿತ್ರಕ್ಕಾಗಿ ಫೋನ್ ಮಾಡಿದರು ಎಂದು ನೆನಪು ಮಾಡಿಕೊಳ್ಳಿ. ಲೈಕ್‌ಗಳ ಲೆಕ್ಕಕ್ಕಿಂತ ಇದು ನಂಬಬಹುದಾದ ಲೆಕ್ಕ, ಏಕೆಂದರೆ ಇಲ್ಲಿ ಜನ ದುಡ್ಡು ಕೊಟ್ಟು, ಗೋಡೆಯಲ್ಲಿ ಜಾಗ ಕೊಟ್ಟು ಆರಿಸಿದ್ದಾರೆ. ನಮ್ಮ ದಂಪತಿಯ ಪಟ್ಟಿಯಲ್ಲಿ ಜೋಡಿಯ ಪೋಸುಗಳಿಗಿಂತ ಮನೆಮಂದಿಯ ಚಿತ್ರಗಳೇ ಹೆಚ್ಚು ಎಂದಿಟ್ಟುಕೊಳ್ಳೋಣ. ಆಗ ಅವರ ಒಂದು ಸಾಲಿನ ನಿರ್ಧಾರ ಹೀಗಾಗುತ್ತದೆ: "ಮನೆಯ ಮದುವೆಯನ್ನು ಮನೆಮಂದಿಯೆಲ್ಲ ಇರುವಂತೆ ತೆಗೆಯುವವರು ನಾವು."

ಈ ಒಂದು ಸಾಲು ಊಟ ಹಾಕುತ್ತದೆಯೇ? ಕೂಡಿಸಿ ನೋಡೋಣ. ಒಂದು ಮದುವೆಗೆ ಎರಡು ದಿನದ ಶೂಟಿಂಗ್, ಆಮೇಲೆ ಆಯ್ಕೆ, ಬಣ್ಣ ತಿದ್ದುವುದು, ಆಲ್ಬಂ ಜೋಡಿಸುವುದು ಎಂದು ಏಳು ದಿನ. ಒಟ್ಟು ಒಂಬತ್ತು ದಿನ. ವರ್ಷಕ್ಕೆ 25 ಮದುವೆ ಒಪ್ಪಿಕೊಂಡರೆ 225 ದಿನ ಅದಕ್ಕೇ ಹೋಗುತ್ತದೆ. ಇಬ್ಬರೇ ಇರುವ ಸ್ಟುಡಿಯೊಗೆ ಅದಕ್ಕಿಂತ ಹೆಚ್ಚು ಒಪ್ಪಿಕೊಂಡರೆ ಆಲ್ಬಂ ತಡವಾಗುತ್ತದೆ. ಅಂದರೆ ಇವರಿಗೆ ಇಡೀ ಜಿಲ್ಲೆ ಮೆಚ್ಚಬೇಕಾಗಿಲ್ಲ, ವರ್ಷಕ್ಕೆ 25 ಮನೆಯವರು "ಇವರೇ ಬೇಕು" ಎಂದರೆ ಸಾಕು. ಅಷ್ಟು ಮನೆಗಳೂ ಸುತ್ತಮುತ್ತ ಸಿಗುವುದಿಲ್ಲ ಎಂದು ಹಳೆಯ ಲೆಕ್ಕಪುಸ್ತಕ ಹೇಳಿದರೆ ಸಾಲನ್ನು ಸ್ವಲ್ಪ ಅಗಲ ಮಾಡಬೇಕು. ಮನೆಯಂಗಳದ ಮದುವೆಯಷ್ಟೇ ಅಲ್ಲ, ಕಲ್ಯಾಣ ಮಂಟಪದ ಮದುವೆಯಲ್ಲೂ ಮನೆಮಂದಿಯನ್ನೇ ಹುಡುಕುವವರು ಎಂದಾಗಬಹುದು. ಯಾರಿಗೂ ಬೇಡವಾದ ವೈಶಿಷ್ಟ್ಯ ಇಟ್ಟುಕೊಂಡು ಕೂತರೆ ಬಾಡಿಗೆ ಕಟ್ಟಲಾಗದು.

ನಿರ್ಧಾರಕ್ಕೆ ಬೆಲೆಯೂ ಇದೆ. ಹೊಗೆ ಬಾಂಬಿನ ಚಿತ್ರಗಳನ್ನು ಪುಟದಿಂದ ತೆಗೆಯಬೇಕು. ಪ್ರೀ-ವೆಡ್ಡಿಂಗ್ ಮಾತ್ರ ಕೇಳಿ ಬಂದವರನ್ನು ಬೇರೆ ಸ್ಟುಡಿಯೊಗೆ ಕಳಿಸಬೇಕಾಗಬಹುದು. ಬಿಡಲು ಮನಸ್ಸಿಲ್ಲದವರಿಗೆ ಗುರುತು ಕಟ್ಟುವುದು ಆಗದ ಮಾತು. ಎಲ್ಲವನ್ನೂ ತೋರಿಸುವ ಪುಟ ನೋಡಿದವರಿಗೆ ಒಂದೂ ನೆನಪಿರುವುದಿಲ್ಲ.

ಫೋನಿನಲ್ಲಿ ಹೇಳಿದರೆ ತಿಳಿಯುವ ಹೆಸರು

ನಮ್ಮ ಊರುಗಳಲ್ಲಿ ಸ್ಟುಡಿಯೊಗೆ ದೇವರ ಹೆಸರೋ ಮಗುವಿನ ಹೆಸರೋ ಇಟ್ಟು "ಡಿಜಿಟಲ್" ಸೇರಿಸುವುದು ಹಳೆಯ ರೂಢಿ. ಹೊಸ ರೂಢಿಯಲ್ಲಿ ಪಿಕ್ಸೆಲ್, ಕ್ಲಿಕ್, ಡ್ರೀಮ್, ಮೊಮೆಂಟ್ಸ್, ಸ್ಟೋರೀಸ್ ಬರುತ್ತವೆ. ಈ ಪದಗಳಲ್ಲಿ ಕೆಟ್ಟದ್ದೇನೂ ಇಲ್ಲ, ಎಲ್ಲರ ಬಳಿಯೂ ಇವೆ ಎನ್ನುವುದೇ ತೊಂದರೆ. ಮದುವೆ ಫೋಟೋದವರ ಹೆಸರು ಹೆಚ್ಚಾಗಿ ಬಾಯಿಂದ ಬಾಯಿಗೆ ಹೋಗುತ್ತದೆ. ಊಟದ ಪಂಕ್ತಿಯಲ್ಲಿ ಕೂತ ಚಿಕ್ಕಮ್ಮ "ಫೋಟೋ ಯಾರಿಗೆ ಹೇಳಿದ್ರಿ?" ಎಂದು ಕೇಳುತ್ತಾರೆ. ಉತ್ತರ ಕೇಳಿದವರು ಮೂರು ತಿಂಗಳ ಮೇಲೆ ಅದನ್ನು ನೆನಪಿಟ್ಟುಕೊಂಡು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಬೇಕು. ಹೆಸರಿಗೆ ಇರಬೇಕಾದ ಪರೀಕ್ಷೆ ಇದೇ.

ನಮ್ಮ ದಂಪತಿಗೆ ಮನೆಯ ಪದವೇ ಬೇಕು. "ಜಗುಲಿ" ಚೆನ್ನಾಗಿದೆ, ಆದರೆ ಕನ್ನಡದಲ್ಲೇ ಕೆಲವರು ಜಗುಲಿ ಎನ್ನುತ್ತಾರೆ, ಕೆಲವರು ಜಗಲಿ. ಹುಡುಕುವಾಗ ಅರ್ಧ ಜನ ತಪ್ಪು ಬಾಗಿಲು ತಟ್ಟುತ್ತಾರೆ. "ಸೋಬಾನೆ" ಮದುವೆಯ ಹಾಡಿನ ಪದ, ಅದಕ್ಕೂ ಶೋಭಾನೆ ಎಂಬ ಜೊತೆರೂಪ ಇದೆ. "ಹಸೆ" ಎಂದರೆ ವಧೂವರರು ಕೂರುವ ಮಣೆ, ಅರ್ಥ ಇನ್ನೂ ಸುಂದರ. ಆದರೆ ಇಂಗ್ಲಿಷಿನಲ್ಲಿ Hase ಎಂದು ಬರೆದರೆ ಹೊಸಬರು ಹೇಸ್ ಎಂದು ಓದಿಬಿಡುತ್ತಾರೆ. "ಚಪ್ಪರ"ವನ್ನು ಒಂದು p, ಎರಡು p, ಕೊನೆಯಲ್ಲಿ h ಎಂದು ಹೇಗೆ ಬೇಕಾದರೂ ಬರೆಯುವವರಿದ್ದಾರೆ. "ಅಂಗಳ" ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. Angala ಎಂದು ಬರೆದರೆ ಸರಿಸುಮಾರು ಎಲ್ಲರೂ ಸರಿಯಾಗಿ ಓದುತ್ತಾರೆ, ಪದ ಚಿಕ್ಕದು, ಮದುವೆ ನಡೆಯುವ ಜಾಗವೂ ಅದೇ. ಫೋಟೋ ತೆಗೆಯುವವರು ಎಂದು ತಿಳಿಸಲು ಕೆಳಗೆ ಚಿಕ್ಕದಾಗಿ "ಮದುವೆ ಚಿತ್ರಗಳು, ಶಿವಮೊಗ್ಗ" ಎಂದಿದ್ದರೆ ಸಾಕು.

ಮೆಚ್ಚಿಕೊಂಡ ಹೆಸರು ಬೇರೆಯವರದಾಗಿದೆಯೇ ಎಂದು ಬೋರ್ಡು ಬರೆಸುವ ಮೊದಲೇ ನೋಡಬೇಕು. ಭಾರತದ ಟ್ರೇಡ್‌ಮಾರ್ಕ್ ನೋಂದಣಿಯ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಫೋಟೋಗ್ರಫಿ ಸೇವೆ ಬರುವುದು 41ನೇ ವರ್ಗದಲ್ಲಿ. ನೋಂದಣಿಗೆ ವ್ಯಕ್ತಿಗಳು ಮತ್ತು ಸಣ್ಣ ಉದ್ದಿಮೆಗಳು ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ. ಒಮ್ಮೆ ನೋಂದಣಿಯಾದರೆ 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬಹುದು. ಬರೀ "ಬೆಸ್ಟ್ ವೆಡ್ಡಿಂಗ್ ಫೋಟೋಗ್ರಫಿ" ಎಂಬಂಥ, ಕೆಲಸವನ್ನಷ್ಟೇ ವರ್ಣಿಸುವ ಹೆಸರುಗಳನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆ ಸುಲಭವಾಗಿ ಒಪ್ಪುವುದಿಲ್ಲ. ಎಲ್ಲರೂ ಬಳಸಬೇಕಾದ ಪದವನ್ನು ಒಬ್ಬರಿಗೇ ಕೊಡಲಾಗದು ಎಂಬುದು ಅದರ ತರ್ಕ. ನೆನಪಿನಲ್ಲಿ ಉಳಿಯದ ಹೆಸರು ಕಾನೂನಿನ ಕಣ್ಣಿಗೂ ದುರ್ಬಲ ಎಂಬುದನ್ನು ಗಮನಿಸಿ.

ಗೂಗಲ್ ನಕ್ಷೆಯಲ್ಲಿ ಸ್ಟುಡಿಯೊ ಸೇರಿಸುವಾಗ ಹೆಸರಿನ ಜಾಗದಲ್ಲಿ "ಶಿವಮೊಗ್ಗ ಬೆಸ್ಟ್ ಕ್ಯಾಂಡಿಡ್" ಎಂದು ಬಾಲ ಕಟ್ಟುವವರಿದ್ದಾರೆ. ಬೋರ್ಡಿನ ಮೇಲೆ ಇರುವ ಹೆಸರನ್ನೇ ಅಲ್ಲಿಯೂ ಕೊಡಬೇಕೆಂಬುದು ಗೂಗಲ್‌ನ ನಿಯಮ. ಬೋರ್ಡು, ನಕ್ಷೆ, ವಾಟ್ಸಾಪ್, ಇನ್‌ಸ್ಟಾಗ್ರಾಂ, ಬಿಲ್ ಪುಸ್ತಕ, ಎಲ್ಲ ಕಡೆಯೂ ಒಂದೇ ಹೆಸರು ಒಂದೇ ಬರವಣಿಗೆಯಲ್ಲಿ ಇರಬೇಕು.

ಅಕ್ಷರ ಮತ್ತು ಬಣ್ಣ

ಇಷ್ಟಾದ ಮೇಲೆ ಲೋಗೊದ ಸರದಿ. ಅಂಗಳ ಎಂಬ ಕನ್ನಡ ಪದವನ್ನೇ ಚೆನ್ನಾಗಿ ಬರೆಸಿದರೆ ಕ್ಯಾಮೆರಾದ ಚಿತ್ರ ಬೇಡ. ನಮ್ಮ ಅಕ್ಷರಗಳ ದುಂಡುತನವೇ ಒಂದು ಆಕಾರ ಕೊಡುತ್ತದೆ. ಕೈಬರಹದವರಿಂದ ಬರೆಸಬಹುದು, ಇಲ್ಲವಾದರೆ ಟಿರೋ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಮುಂತಾದ ಯೂನಿಕೋಡ್ ಫಾಂಟ್‌ಗಳು ಉಚಿತವಾಗಿಯೇ ಸಿಗುತ್ತವೆ, ವ್ಯಾಪಾರಕ್ಕೂ ಬಳಸಬಹುದು. ಕನ್ನಡ ಲೋಗೊಗಳಲ್ಲಿ ಆಗಾಗ ಕಾಣುವ ಒಂದು ಅವಾಂತರ ಎಂದರೆ ಒತ್ತಕ್ಷರ ಮುರಿದುಬೀಳುವುದು. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ "ಮದುವೆ ಚಿತ್ರಗಳು" ಎಂದು ಬರೆದರೆ "ಚಿತ್ರ"ದ ರ ಒತ್ತು ಬೇರೆಯಾಗಿ ನಿಂತಿರುತ್ತದೆ. ಸಾಮಾನ್ಯವಾಗಿ ಫಾಂಟಿನ ತಪ್ಪು ಅಲ್ಲ ಅದು. ಆ ಆವೃತ್ತಿಗಳಲ್ಲಿ Preferences ಒಳಗಿನ Type ವಿಭಾಗದಲ್ಲಿ World-Ready Layout ಆರಿಸಿಕೊಂಡರೆ ಒತ್ತುಗಳು ತಮ್ಮ ಜಾಗಕ್ಕೆ ಬರುತ್ತವೆ. ಪ್ರೆಸ್‌ಗೆ ಕೊಡುವಾಗ ಅಕ್ಷರಗಳನ್ನು ಔಟ್‌ಲೈನ್ ಮಾಡಿ ಕೊಟ್ಟರೆ ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಕೆಡುವುದಿಲ್ಲ.

ಲೋಗೊ ಮುಗಿಯಿತೆಂದು ಒಪ್ಪುವ ಮೊದಲು ಎರಡು ಕಡೆ ಇಟ್ಟು ನೋಡಬೇಕು. ವಾಟ್ಸಾಪಿನ ಪುಟ್ಟ ದುಂಡು ಚಿತ್ರದಲ್ಲಿ ಹೆಬ್ಬೆರಳಿನ ಉಗುರಿನಷ್ಟಾದಾಗ ಓದಲು ಬರಬೇಕು. ಆಲ್ಬಂನ ಹೊದಿಕೆಯ ಮೇಲೆ ಬಣ್ಣವಿಲ್ಲದೆ, ಬರೀ ಒತ್ತಿದ ಅಚ್ಚಾಗಿ ನಿಂತಾಗಲೂ ಗುರುತು ಸಿಗಬೇಕು. ತೆಳು ಗೆರೆಗಳ ಬಳ್ಳಿ, ಮಿಂಚುವ ಚಿನ್ನದ ಬಣ್ಣ ಈ ಎರಡರಲ್ಲೂ ಸೋಲುತ್ತವೆ. ಪರದೆಯ ಮೇಲೆ ಹೊಳೆಯುವ ಚಿನ್ನ ಸಾಮಾನ್ಯ ನಾಲ್ಕು ಬಣ್ಣದ ಮುದ್ರಣದಲ್ಲಿ ಮಂಕು ಹಳದಿ-ಕಂದು ಆಗುತ್ತದೆ. ನಿಜವಾದ ಚಿನ್ನದ ಹೊಳಪು ಬೇಕಾದರೆ ಫಾಯಿಲ್ ಒತ್ತಿಸಬೇಕು.

ಬಣ್ಣಕ್ಕೆ ಮಲೆನಾಡಿನ ಮನೆಯೇ ಸಾಕು: ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳಿ, ಸೋಗೆಯ ಹಸಿರು. ಕೆಮ್ಮಣ್ಣು ಎಂದು ಬಾಯಲ್ಲಿ ಹೇಳಿದರೆ ಒಬ್ಬೊಬ್ಬರು ಒಂದೊಂದು ಕೆಂಪು ಹಾಕುತ್ತಾರೆ. ಪರದೆಗೆ #8E3B26 ಎಂಬಂತೆ ಒಂದು ಸಂಖ್ಯೆ, ಪ್ರೆಸ್‌ಗೆ ಒಂದು ಮುದ್ರಿಸಿದ ಮಾದರಿ ಚೂರು, ಎರಡನ್ನೂ ಇಟ್ಟುಕೊಂಡಿರಬೇಕು.

ಇಲ್ಲಿ ಒಂದು ಎಚ್ಚರ. ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ಸಂಪ್ರದಾಯ ಇದೆ. ಕೆಮ್ಮಣ್ಣಿನ ಮೇಲೆ ಅಕ್ಕಿಯ ಬಿಳಿ ಗೆರೆಗಳು, ನೋಡಿದರೆ ಕಣ್ಣು ಕೀಳಲಾಗದು. ಶಿವಮೊಗ್ಗದ ಸ್ಟುಡಿಯೊಗೆ ಅದನ್ನೇ ಲೋಗೊ ಮಾಡುವ ಆಸೆ ಹುಟ್ಟುವುದು ಸಹಜ. ಆದರೆ ಅದು ಒಂದು ಸಮುದಾಯದ ಹೆಣ್ಣುಮಕ್ಕಳು ತಲೆತಲಾಂತರದಿಂದ ಉಳಿಸಿಕೊಂಡ ಕಲೆ. ಇಂಟರ್‌ನೆಟ್ಟಿನಿಂದ ಇಳಿಸಿ ಬಿಲ್ ಪುಸ್ತಕಕ್ಕೆ ಹಾಕುವ ಅಲಂಕಾರ ಅಲ್ಲ. ಬೇಕೇಬೇಕಾದರೆ ಚಿತ್ತಾರ ಬರೆಯುವ ಕಲಾವಿದರಿಗೆ ಹಣ ಕೊಟ್ಟು, ಒಪ್ಪಿಗೆ ಪಡೆದು ಬರೆಸಿ, ಅವರ ಹೆಸರು ಹಾಕಿ. ಎಲ್ಲ ಜಾತಿಯ ಮನೆಗಳ ಮದುವೆಗೂ ಹೋಗುವ ಸ್ಟುಡಿಯೊಗೆ ಎಲ್ಲರ ಅಂಗಳದಲ್ಲೂ ಇರುವ ಮಣ್ಣಿನ ಬಣ್ಣವೇ ಪ್ರಾಮಾಣಿಕವಾದ ಆಯ್ಕೆ ಎಂದು ನನಗೆ ಅನಿಸುತ್ತದೆ.

ಮಾವಿನೆಲೆ ಹಸಿರಾಗಿಯೇ ಇರಲಿ

ಲೋಗೊ ನೋಡಿ ಯಾರೂ ಫೋಟೋದವರನ್ನು ಕರೆಯುವುದಿಲ್ಲ. ನೋಡುವುದು ಚಿತ್ರವನ್ನು. ಆದ್ದರಿಂದ ಸ್ಟುಡಿಯೊದ ನಿಜವಾದ ಗುರುತು ಚಿತ್ರದ ಬಣ್ಣ ಮತ್ತು ನೋಟದಲ್ಲಿದೆ, ಹೆಚ್ಚು ಕೆಡುವುದೂ ಅಲ್ಲೇ.

ಕೆಲವು ವರ್ಷಗಳಿಂದ ಚಿತ್ರವನ್ನೆಲ್ಲ ಕಂದು-ಕಿತ್ತಳೆಯತ್ತ ತಿರುಗಿಸುವ ಪ್ರೀಸೆಟ್‌ಗಳು ಎಲ್ಲೆಡೆ ಓಡಾಡುತ್ತಿವೆ. ಒಂದು ಗುಂಡಿ ಒತ್ತಿದರೆ ಸಾವಿರ ಚಿತ್ರಕ್ಕೂ ಒಂದೇ ಬಣ್ಣ. ಅವು ಸಾಮಾನ್ಯವಾಗಿ ಹಸಿರನ್ನು ಕುಗ್ಗಿಸಿ, ಚರ್ಮದ ಬಣ್ಣವನ್ನು ಕಿತ್ತಳೆಗೆ ತಳ್ಳುತ್ತವೆ. ಒಣ ಹುಲ್ಲಿನ ಬಯಲಲ್ಲಿ ನಿಂತ ಜೋಡಿಗೆ ಅದು ಒಪ್ಪಬಹುದು. ನಮ್ಮ ಮದುವೆಯಲ್ಲಿ ಹಸಿರಿಲ್ಲದೆ ಏನಿದೆ? ಮಾವಿನ ತೋರಣ, ಬಾಳೆಕಂಬ, ಊಟದ ಎಲೆ, ಹಸಿರು ಬಳೆ, ಇವೆಲ್ಲ ಒಣಗಿದ ಸೊಪ್ಪಿನಂತೆ ಕಾಣುತ್ತವೆ. ಅರಿಶಿನ ಹಚ್ಚಿದ ಮುಖ ಕಾಮಾಲೆಯವರಂತೆ ಆಗುತ್ತದೆ. ತಾಯಿಯೊಬ್ಬಳು ನಾಲ್ಕು ಅಂಗಡಿ ತಿರುಗಿ ಆರಿಸಿದ ಧಾರೆ ಸೀರೆಯ ಗುಲಾಬಿ ಬಣ್ಣ ಆಲ್ಬಂನಲ್ಲಿ ಇಟ್ಟಿಗೆ ಬಣ್ಣವಾಗಿರುತ್ತದೆ. "ಸೀರೆ ಬಣ್ಣ ಇದಲ್ಲ" ಎಂಬ ಮಾತು ಬಂದ ದಿನ ಆ ಮನೆಯಿಂದ ಮುಂದಿನ ಮದುವೆ ಬರುವುದಿಲ್ಲ.

ನಮ್ಮ ದಂಪತಿ ತಮಗಾಗಿ ಒಂದು ಚಿಕ್ಕ ನಿಯಮ ಬರೆದುಕೊಳ್ಳುತ್ತಾರೆ. ಮಾವಿನೆಲೆ ಹಸಿರಾಗಿಯೇ, ಸೀರೆ ತನ್ನ ಬಣ್ಣದಲ್ಲೇ, ಮುಖ ಕನ್ನಡಿಯಲ್ಲಿ ಕಾಣುವಂತೆಯೇ ಇರಬೇಕು. ಹೇಳಲು ಸುಲಭ, ತೆಗೆಯಲು ಕಷ್ಟ. ಹಳದಿ ಬಟ್ಟೆಯ ಶಾಮಿಯಾನದ ಕೆಳಗೆ ಎಲ್ಲರ ಮುಖಕ್ಕೂ ಹಳದಿ ಬಡಿಯುತ್ತದೆ, ಹಸಿ ಸೋಗೆಯ ಚಪ್ಪರದ ಕೆಳಗೆ ಹಸಿರು ಬಡಿಯುತ್ತದೆ. ಮಂಟಪದ ವೇದಿಕೆಯ ಎಲ್‌ಇಡಿ ದೀಪಗಳು ನೇರಳೆಯಾಗಿ ಸುರಿಯುತ್ತವೆ. ಕಣ್ಣು ಅದನ್ನು ತಾನಾಗಿ ಸರಿಮಾಡಿಕೊಳ್ಳುತ್ತದೆ, ಕ್ಯಾಮೆರಾ ಮಾಡಿಕೊಳ್ಳುವುದಿಲ್ಲ. ಪ್ರತಿ ಶಾಸ್ತ್ರ ಶುರುವಾಗುವ ಮೊದಲು ಅದೇ ಬೆಳಕಿನಲ್ಲಿ ಒಂದು ಬೂದು ಕಾರ್ಡಿನ ಚಿತ್ರ ತೆಗೆದಿಟ್ಟುಕೊಂಡರೆ, ಆಮೇಲೆ ಆ ಬೂದನ್ನು ಬೂದಾಗಿಸಿದ ತಕ್ಷಣ ಉಳಿದ ಬಣ್ಣಗಳು ಬಹುಮಟ್ಟಿಗೆ ದಾರಿಗೆ ಬರುತ್ತವೆ. ಬಣ್ಣಬಣ್ಣದ ದೀಪ ಒಟ್ಟಿಗೆ ಬೀಳುವ ವೇದಿಕೆಯಲ್ಲಿ ಇದೂ ಪೂರ್ತಿ ಸಾಲದು. ಅಲ್ಲಿ ಮುಖದ ಮೇಲೆ ಬೀಳುವ ಬಣ್ಣದ ದೀಪವನ್ನಾದರೂ ಆರಿಸಿಸಲು ಮಂಟಪದವರನ್ನು ಮೊದಲೇ ಕೇಳಿಕೊಳ್ಳಬೇಕು.

ನೋಟ ಕೈತಪ್ಪುವ ಮತ್ತೊಂದು ಸಂದರ್ಭ ಒಂದೇ ಮುಹೂರ್ತಕ್ಕೆ ಎರಡು ಮದುವೆ ಒಪ್ಪಿಕೊಳ್ಳುವುದು. ಒಳ್ಳೆಯ ಮುಹೂರ್ತದ ಭಾನುವಾರ ಎಲ್ಲರಿಗೂ ಇದೇ ಆಸೆ. ಎರಡನೆಯ ಮದುವೆಗೆ ಬಾಡಿಗೆ ಕ್ಯಾಮೆರಾದವರನ್ನು ಕಳಿಸುತ್ತಾರೆ, ಅವರು ತಮಗೆ ರೂಢಿಯಾದ ರೀತಿಯಲ್ಲಿ ತೆಗೆದು ತರುತ್ತಾರೆ. ಚಿತ್ರ ಚೆನ್ನಾಗಿರಬಹುದು, ಆದರೆ ನಿಮ್ಮ ಹೆಸರಿನ ಆಲ್ಬಂನಲ್ಲಿ ಬೇರೆಯವರ ಕಣ್ಣು ಕಾಣುತ್ತದೆ. ಕಳಿಸಲೇಬೇಕಾದರೆ ಒಂದು ಹಾಳೆಯ ಸೂಚನೆ ಜೊತೆಗಿರಲಿ: ಮನೆಯ ಹಿರಿಯರೆಲ್ಲರ ಒಂದೊಂದು ಒಂಟಿ ಚಿತ್ರ, ಅಡುಗೆಯವರದು, ಹೂ ಕಟ್ಟುವವರದು, ಹೆಣ್ಣು ಒಪ್ಪಿಸುವಾಗ ಜೋಡಿಯ ಜೊತೆಗೆ ನೋಡುವವರ ಮುಖ. ಹೇಗಿರಬೇಕು ಎಂದು ತೋರಿಸುವ ಹತ್ತು ಮುದ್ರಿತ ಮಾದರಿಗಳನ್ನೂ ಕೊಡಿ. ಅಷ್ಟು ಹೇಳಿಕೊಡಲು ಸಮಯವಿಲ್ಲದಿದ್ದರೆ ಆ ಮದುವೆ ಒಪ್ಪಿಕೊಳ್ಳದಿರುವುದೇ ಮೇಲು.

ಧಾರೆಯ ಹೊತ್ತಿನಲ್ಲಿ ಎಲ್ಲಿ ನಿಲ್ಲುತ್ತೀರಿ

ಮದುವೆ ಫೋಟೋದವರ ಬಗ್ಗೆ ಜನರಿಗೆ ಇರುವ ದೊಡ್ಡ ದೂರು ಚಿತ್ರದ್ದಲ್ಲ. ಮುಂದಿನ ಸಾಲಿನಲ್ಲಿ ಕೂತ ಅಜ್ಜಿಗೆ ತಾಳಿ ಕಟ್ಟುವುದು ಕಾಣಲಿಲ್ಲ, ಕಂಡದ್ದು ಕ್ಯಾಮೆರಾದವರ ಬೆನ್ನು. ಅಕ್ಷತೆ ಹಾಕಲು ಬಂದವರನ್ನು "ಸ್ವಲ್ಪ ಸರೀರಿ" ಎನ್ನುವುದು, ಪುರೋಹಿತರನ್ನು ತಡೆದು ಇನ್ನೊಮ್ಮೆ ಧಾರೆ ಎರೆಸುವುದು ನಮಗೆಲ್ಲ ಗೊತ್ತಿರುವ ದೃಶ್ಯಗಳೇ. ಆ ಮಂಟಪದಲ್ಲಿ ಕೂತ ನೂರಾರು ಮಂದಿಯಲ್ಲಿ ಮುಂದಿನ ವರ್ಷ ಮದುವೆ ಇರುವ ಮನೆಯವರೂ ಇರುತ್ತಾರೆ. ಅವರ ಪಾಲಿಗೆ ಆ ಬೆನ್ನೇ ನಿಮ್ಮ ಬೋರ್ಡು.

ಮನೆಮಂದಿಯನ್ನು ತೆಗೆಯುತ್ತೇವೆ ಎನ್ನುವ ಸ್ಟುಡಿಯೊ ಮನೆಮಂದಿಗೆ ಅಡ್ಡ ನಿಂತರೆ ಅದರ ಮಾತೇ ಸುಳ್ಳಾಗುತ್ತದೆ. ಮಂಟಪದ ಎರಡು ಮೂಲೆಯಲ್ಲಿ ಒಬ್ಬೊಬ್ಬರು, ಕೂತು ಅಥವಾ ಬಾಗಿ, ಉದ್ದನೆಯ ಲೆನ್ಸ್ ಹಿಡಿದರೆ ಸಭೆಗೂ ಕಾಣುತ್ತದೆ, ಚಿತ್ರವೂ ಸಿಗುತ್ತದೆ. ಶಾಸ್ತ್ರಗಳ ಕ್ರಮ, ಮನೆಯ ಹಿರಿಯರ ಹೆಸರುಗಳನ್ನು ಹಿಂದಿನ ದಿನವೇ ಕೇಳಿ ಬರೆದುಕೊಂಡು ಹೋದರೆ ಯಾರನ್ನೂ ತಡೆಯುವ ಪ್ರಸಂಗ ಬರುವುದಿಲ್ಲ. "ಯಾರ ಸ್ಟುಡಿಯೊ ಇದು? ಗಲಾಟೆಯೇ ಮಾಡಲಿಲ್ಲವಲ್ಲ" ಎಂದು ಒಬ್ಬರು ಕೇಳಿದರೆ ಅದು ಹತ್ತು ಜಾಹೀರಾತಿಗೆ ಸಮ.

ಮದುವೆ ಮುಗಿದ ಮೇಲೆ ಉಳಿಯುವ ಗುರುತು ಆಲ್ಬಂ. ಈಗ ಹೆಚ್ಚು ಚಾಲ್ತಿಯಲ್ಲಿರುವುದು ಬಿಚ್ಚಿದರೆ 12×36 ಇಂಚಿನ ಶೀಟು. ಅದರಲ್ಲಿ ಹದಿನೈದು ಚಿತ್ರ ತುರುಕಿ, ಹಿಂದೆ ಗುಲಾಬಿ ಹೂ, ಇಂಗ್ಲಿಷ್ ಪ್ರೇಮವಾಕ್ಯ ಹಾಕುವ ಸಿದ್ಧ ಟೆಂಪ್ಲೇಟುಗಳು ಎಲ್ಲ ಸ್ಟುಡಿಯೊಗಳಲ್ಲೂ ಅವೇ. "ಅಂಗಳ"ದ ಆಲ್ಬಂನಲ್ಲಿ ಬಿಳಿ ಹಾಳೆ, ಒಂದು ಬದಿಗೆ ಒಂದೇ ದೊಡ್ಡ ಚಿತ್ರ, ಇನ್ನೊಂದು ಬದಿಗೆ ಮೂರು ನಾಲ್ಕು ಚಿಕ್ಕವು, ಕೊನೆಯ ಎರಡು ಶೀಟಿನಲ್ಲಿ ಹಿರಿಯರ ಚಿತ್ರ, ಕೆಳಗೆ ಕನ್ನಡದಲ್ಲಿ ಅವರ ಹೆಸರು ಮತ್ತು ಸಂಬಂಧ. ಇಪ್ಪತ್ತು ವರ್ಷದ ಮೇಲೆ ಮೊಮ್ಮಗು "ಇವರು ಯಾರು?" ಎಂದು ಕೇಳಿದಾಗ ಉತ್ತರ ಆಲ್ಬಂನಲ್ಲೇ ಇರುತ್ತದೆ. ಸ್ಟುಡಿಯೊದ ಹೆಸರು ಹಿಂದಿನ ರಟ್ಟಿನ ಒಳಗೆ ಚಿಕ್ಕದಾಗಿ ಇದ್ದರೆ ಸಾಕು. ಪ್ರತಿ ಚಿತ್ರದ ಮೇಲೂ ವಾಟರ್‌ಮಾರ್ಕ್ ಹಾಕುವುದು ದುಡ್ಡು ಕೊಟ್ಟವರ ಮನೆಯ ಗೋಡೆಗೆ ಪೋಸ್ಟರ್ ಅಂಟಿಸಿದಂತೆ.

ಚಿತ್ರ ಯಾರದು

ಬಹಳ ಸ್ಟುಡಿಯೊಗಳಿಗೆ ಗೊತ್ತಿಲ್ಲದ ಸಂಗತಿಯೊಂದು ಇಲ್ಲಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರು ಹೇಳಿ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ಹಣ ಕೊಟ್ಟವರೇ. ಬೇರೆ ಒಪ್ಪಂದ ಆಗಿದ್ದರೆ ಮಾತ್ರ ಇದು ಬದಲಾಗುತ್ತದೆ. ಅಂದರೆ ನೀವು ತೆಗೆದ ಮದುವೆಯ ಚಿತ್ರವನ್ನು ನಿಮ್ಮ ಪುಟದಲ್ಲಿ ಹಾಕುವುದು ನಿಮ್ಮ ಸಹಜ ಹಕ್ಕಲ್ಲ. ಗುರುತೆಲ್ಲ ಚಿತ್ರದಲ್ಲೇ ಇರುವ ವೃತ್ತಿಗೆ ಇದು ತಳಪಾಯದ ಪ್ರಶ್ನೆ. ಅಡ್ವಾನ್ಸ್ ತೆಗೆದುಕೊಳ್ಳುವಾಗ ಕೊಡುವ ಹಾಳೆಯಲ್ಲೇ, ಕನ್ನಡದಲ್ಲೇ, ಸ್ಪಷ್ಟವಾಗಿ ಬರೆದಿರಲಿ: ನಮ್ಮ ಕೆಲಸ ತೋರಿಸಲು ಇಂತಿಷ್ಟು ಚಿತ್ರಗಳನ್ನು ಬಳಸಬಹುದೇ, ಬಳಸಿದರೆ ಯಾವುವು, ಯಾರದು ಬೇಡ. ಹೌದು, ಬೇಡ ಎಂಬ ಎರಡು ಚೌಕ, ಒಂದು ಸಹಿ. "ಬೇಡ" ಎಂದವರ ಮೇಲೆ ಬೇಸರ ಬೇಡ. ಅಳುವ ಅಣ್ಣನ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅದು ಆ ಮನೆಯ ಕಣ್ಣೀರು. ಮನೆಯೊಳಗೆ ಬಿಟ್ಟುಕೊಂಡವರ ವಿಶ್ವಾಸ ಉಳಿಸಿಕೊಳ್ಳುವುದು ಈ ಸ್ಟುಡಿಯೊದ ಗುರುತಿನ ಒಂದು ಭಾಗವೇ.

ಫಲ ಕೊಟ್ಟಿತೇ ಎಂದು ತಿಳಿಯುವುದು

ಬದಲಾವಣೆ ಕೆಲಸ ಮಾಡುತ್ತಿದೆಯೇ ಎಂದು ಅಳೆಯಲು ಒಂದು ನೋಟ್ ಪುಸ್ತಕ ಸಾಕು. ವಿಚಾರಣೆಗೆ ಫೋನ್ ಮಾಡಿದ ಪ್ರತಿಯೊಬ್ಬರ ಮೊದಲ ವಾಕ್ಯವನ್ನು ಬರೆದಿಡಿ. "ರೇಟ್ ಎಷ್ಟು?" ಎಂದು ಶುರುಮಾಡಿದವರು ಎಷ್ಟು, "ನಮ್ಮ ಅತ್ತೆ ಮಗಳ ಮದುವೆಯಲ್ಲಿ ಅಜ್ಜನ ಫೋಟೋ ತೆಗೆದಿದ್ರಲ್ಲ, ಹಾಗೆ ಬೇಕು" ಎಂದವರು ಎಷ್ಟು. ಒಂದು ಮದುವೆ ಕಾಲ ಪೂರ್ತಿ ಬರೆದು, ಮುಂದಿನ ಕಾಲದ ಲೆಕ್ಕದ ಜೊತೆ ಹೋಲಿಸಿ. ಎರಡನೆಯ ಬಗೆಯವರು ಹೆಚ್ಚುತ್ತಿದ್ದರೆ ಗುರುತು ಊರಿನಲ್ಲಿ ಬೇರೂರುತ್ತಿದೆ. ಇಬ್ಬರಿಂದಲೂ ವಿಚಾರಣೆ ಕಡಿಮೆಯಾಗುತ್ತಿದ್ದರೆ ನಿಮ್ಮ ಸಾಲು ತೀರ ಇಕ್ಕಟ್ಟಾಗಿದೆ ಅಥವಾ ಹಳೆಯ ಗಿರಾಕಿಗಳಿಗೆ ಹೊಸ ಹೆಸರು ತಿಳಿದಿಲ್ಲ. ಹೆಸರು ಬದಲಿಸಿದ ಮೊದಲ ಒಂದೆರಡು ವರ್ಷ ಬೋರ್ಡಿನಲ್ಲೂ ಬಿಲ್ಲಿನಲ್ಲೂ ಹಳೆಯ ಹೆಸರನ್ನು ಕೆಳಗೆ ಉಳಿಸಿಕೊಳ್ಳಬೇಕು ಎಂಬುದು ಇದಕ್ಕೇ.

ಗುರುತು ಮಾಡಲಾಗದ ಕೆಲಸವೂ ಇದೆ. ಮೂರು ತಿಂಗಳಿಗೆ ಕೊಡುತ್ತೇನೆಂದ ಆಲ್ಬಂ ವರ್ಷವಾದರೂ ಕೊಡದಿದ್ದರೆ ಒಳ್ಳೆಯ ಹೆಸರು, ಒಳ್ಳೆಯ ಅಕ್ಷರ, ಒಳ್ಳೆಯ ಬಣ್ಣ ಯಾವುದೂ ಕಾಪಾಡುವುದಿಲ್ಲ. ನೆನಪಿನಲ್ಲಿ ಉಳಿಯುವ ಹೆಸರಾದರೆ ಅಪಕೀರ್ತಿಯೂ ಅಷ್ಟೇ ಚೆನ್ನಾಗಿ ನೆನಪಿರುತ್ತದೆ. ಆದ್ದರಿಂದ ಒಪ್ಪಿಕೊಂಡ ಮದುವೆಗಳ ಆಲ್ಬಂ ಬಾಕಿ ಇರುವಾಗ ಹೊಸ ಬೋರ್ಡು ಬರೆಸಲು ಹೋಗಬೇಡಿ. ಮೊದಲು ಬಾಕಿ ತೀರಿಸಿ.

ಈ ಆಷಾಢದಲ್ಲಿ ಕೈ ಖಾಲಿ ಇದ್ದಾಗ ಡಿಸೈನರ್‌ಗೆ ಫೋನ್ ಮಾಡುವ ಮೊದಲು, ನೀವು ಮದುವೆ ತೆಗೆದ ಹತ್ತು ಮನೆಗಳಿಗೆ ಹೋಗಿ ಬನ್ನಿ. ಗೋಡೆಯ ಮೇಲೆ ನಿಮ್ಮ ಯಾವ ಚಿತ್ರ ತೂಗುಹಾಕಿದ್ದಾರೆ ಎಂದು ನೋಡಿ, ಅದನ್ನೇ ಏಕೆ ಆರಿಸಿದರೆಂದು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ನಿಮ್ಮ ಸ್ಟುಡಿಯೊ ಏನು ಎಂಬ ಒಂದು ಸಾಲು ಆ ಹತ್ತು ಉತ್ತರಗಳಲ್ಲಿ ಸಿಗುತ್ತದೆ.